ಅಂಗಡಿ ಮತ್ತೆ ತೆರೆಯುವ ದಿನ ಮತ್ತು ತಿಂಗಳ ಚೀಟಿ

ಪ್ರಶ್ನೆ: ಮಂಡ್ಯದ ಪೇಟೆ ಬೀದಿಯಲ್ಲಿ ನಮ್ಮದು ದಿನಸಿ ಅಂಗಡಿ. ಜುಲೈ 9ರಿಂದ ನೆಲ, ಕಪಾಟು, ಬಣ್ಣದ ಕೆಲಸ ಶುರುವಾಗುತ್ತದೆ. ಹದಿನೈದು ದಿನ ಸಾಕು ಎನ್ನುತ್ತಾರೆ ಮೇಸ್ತ್ರಿ. ಖಾಯಂ ಗಿರಾಕಿಗಳು ಕೈತಪ್ಪದಂತೆ ವಾಟ್ಸ್‌ಆ್ಯಪ್‌ನಲ್ಲಿ ಏನೆಂದು ತಿಳಿಸಬೇಕು?

ಉತ್ತರ: ಮೇಸ್ತ್ರಿಯ ಲೆಕ್ಕದಂತೆ ಕೆಲಸ ಜುಲೈ 23ಕ್ಕೆ ಮುಗಿಯಬೇಕು, ಆದರೆ ಆ ದಿನಾಂಕವನ್ನು ಪ್ರಕಟಣೆಯಲ್ಲಿ ಹಾಕಬೇಡಿ. ಕಪಾಟಿಗೆ ಹೊಡೆದ ಆಯಿಲ್ ಪೇಂಟ್ ಮುಟ್ಟಿದರೆ ಒಣಗಿದಂತಿದ್ದರೂ ಅದರ ವಾಸನೆ ಕೆಲವು ದಿನ ಉಳಿಯುತ್ತದೆ, ಮತ್ತು ಚಹಾಪುಡಿ, ಹಿಟ್ಟು, ಅಕ್ಕಿ ಅದನ್ನು ಬೇಗ ಹೀರಿಕೊಳ್ಳುತ್ತವೆ. ರಾತ್ರಿ ಒಂದು ಬಟ್ಟಲು ಚಹಾಪುಡಿಯನ್ನು ಕಪಾಟಿನೊಳಗೆ ತೆರೆದಿಟ್ಟು ಬಾಗಿಲು ಹಾಕಿ, ಬೆಳಿಗ್ಗೆ ಮೂಸಿ ನೋಡಿ. ಬಣ್ಣದ ವಾಸನೆ ಬಂದರೆ ಸಾಮಾನು ಜೋಡಿಸುವ ಕಾಲ ಇನ್ನೂ ಬಂದಿಲ್ಲ. ಇದಕ್ಕೂ ಮೇಸ್ತ್ರಿಯ ವಿಳಂಬಕ್ಕೂ ಸೇರಿಸಿ ಒಂದು ವಾರ ಬಿಟ್ಟು, ಜುಲೈ 30 ಎಂದು ಬರೆಯಿರಿ.

ಅದಕ್ಕಿಂತ ತಡವಾಗುವುದು ಮಾತ್ರ ಬೇಡ. ಸಂಬಳದವರ ಮನೆಯ ದಿನಸಿ ಚೀಟಿ ಸಾಮಾನ್ಯವಾಗಿ ತಿಂಗಳ ಮೊದಲ ವಾರದಲ್ಲಿ ಹೊರಡುತ್ತದೆ. ನಡುವೆ ಕಾಲು ಕಿಲೋ ಬೇಳೆ ಬೇರೆಡೆ ಕೊಂಡವರು ಹಿಂದಿರುಗುತ್ತಾರೆ. ಇಡೀ ತಿಂಗಳ ಚೀಟಿಯನ್ನು ಬೇರೆಡೆ ಕೊಟ್ಟು, ಅಲ್ಲಿಂದ ಮೂಟೆಯನ್ನು ಮನೆಗೆ ತರಿಸಿಕೊಂಡವರನ್ನು ಹಿಂದಕ್ಕೆ ಕರೆತರುವುದು ಕಷ್ಟ. ಆದ್ದರಿಂದ ಪ್ರಕಟಣೆಯಲ್ಲಿ ಆಗಸ್ಟ್ ತಿಂಗಳ ಚೀಟಿಯನ್ನೇ ಕೇಳಿಬಿಡಿ:

“ನವೀಕರಣದ ಕೆಲಸಕ್ಕಾಗಿ ನಮ್ಮ ಅಂಗಡಿ ಜುಲೈ 9ರಿಂದ ಮುಚ್ಚಿರುತ್ತದೆ. ಜುಲೈ 8ರ ರಾತ್ರಿಯವರೆಗೆ ಎಂದಿನಂತೆ ವ್ಯಾಪಾರವಿರುತ್ತದೆ. ಜುಲೈ 30ರ ಬೆಳಿಗ್ಗೆ 8 ಗಂಟೆಗೆ ಇದೇ ಜಾಗದಲ್ಲಿ ಮತ್ತೆ ತೆರೆಯುತ್ತೇವೆ. ಆಗಸ್ಟ್ ತಿಂಗಳ ಚೀಟಿಯನ್ನು ಜುಲೈ 27ರೊಳಗೆ ಇದೇ ನಂಬರಿಗೆ ಕಳಿಸಿದರೆ, ಸಾಮಾನು ಕಟ್ಟಿಟ್ಟಿರುತ್ತೇವೆ.”

“ಇದೇ ಜಾಗದಲ್ಲಿ” ಎಂಬ ಮಾತನ್ನು ಬಿಡಬೇಡಿ, ಏಕೆಂದರೆ ಷಟರ್ ಎಳೆದಿರುವುದನ್ನು ಕಂಡವರಲ್ಲಿ ಕೆಲವರಾದರೂ ಅಂಗಡಿ ಎತ್ತಿದರೆಂದೇ ತಿಳಿಯುತ್ತಾರೆ. ಇದೇ ಒಕ್ಕಣೆಯನ್ನು ಫೋನ್ ನಂಬರಿನೊಂದಿಗೆ ದಪ್ಪ ಅಕ್ಷರದಲ್ಲಿ ಷಟರ್ ಮೇಲೂ ಅಂಟಿಸಿ. “ಶೀಘ್ರದಲ್ಲೇ ಪ್ರಾರಂಭ” ಎಂಬ ಬರಹದಿಂದ ಚೀಟಿ ಹಿಡಿದವರಿಗೆ ಏನೂ ತಿಳಿಯುವುದಿಲ್ಲ.

ಪ್ರಕಟಣೆಯನ್ನು ಜುಲೈ 1ರಂದೇ ಕಳಿಸಿ. ಆಗ ಆ ತಿಂಗಳ ಸಾಮಾನಿಗೆ ಬಂದವರು ಎರಡು ಸೋಪು, ಒಂದು ಲೀಟರ್ ಎಣ್ಣೆ ಹೆಚ್ಚಿಗೇ ಒಯ್ಯುತ್ತಾರೆ. 8ಕ್ಕೆ ಒಮ್ಮೆ, 25ಕ್ಕೆ ಇನ್ನೊಮ್ಮೆ ನೆನಪಿಸಿದರೆ ಸಾಕು. ರಿಯಾಯಿತಿಯ ಆಸೆ ತೋರಿಸುವ ಅಗತ್ಯ ನನಗೆ ಕಾಣುವುದಿಲ್ಲ. ದಿನಸಿಯಲ್ಲಿ ಲಾಭವೇ ತೆಳು.

ಲೆಕ್ಕದ ಪುಸ್ತಕದ ಬಾಕಿಯನ್ನು ಈ ಪ್ರಕಟಣೆಯಲ್ಲಿ ಎತ್ತಲೇಬೇಡಿ. “ಮುಚ್ಚುವ ಮೊದಲು ಬಾಕಿ ತೀರಿಸಿ” ಎಂದು ಎಲ್ಲರೆದುರು ಬರೆದರೆ ಬಾಕಿ ಇಲ್ಲದವರಿಗೂ ಇರಿಸುಮುರಿಸಾಗುತ್ತದೆ, ಇರುವವರು ಆ ಬೀದಿಗೇ ಬರುವುದನ್ನು ಬಿಡುತ್ತಾರೆ. ಅದನ್ನು ಒಬ್ಬೊಬ್ಬರಿಗೇ ಫೋನಿನಲ್ಲಿ ಹೇಳಿ.

ಕೆಲಸ ಮುಗಿಯುವುದಿಲ್ಲವೆಂದು 27ರ ಸಂಜೆಗೆ ಖಚಿತವಾದರೆ ಅಂದೇ ಹೊಸ ದಿನಾಂಕ ತಿಳಿಸಿ, ಬಂದಿರುವ ಚೀಟಿಗಳ ಸಾಮಾನನ್ನು ಗೋದಾಮಿನಿಂದಲೇ ಕಟ್ಟಿಸಿ ಮನೆಗೆ ಮುಟ್ಟಿಸಿ.