ಮೊದಲ ಸಲ ಹೋದ ಮನೆ, ನೋಡಿದ ಹಾಗೇ ಇದೆ

"ಶಿರಸಿ ಹತ್ರ ಒಂದು ಮನೆಗೆ ಮೊದಲ ಸಲ ಹೋದೆ. ಜಗಲಿ ಹತ್ತುವಾಗ ಇದೆಲ್ಲ ಮೊದಲೇ ನಡೆದಿದೆ ಅನ್ನಿಸ್ತು. ಯಾಕೆ?"

ಹೀಗೆ ಅನ್ನಿಸುವುದನ್ನು ದೇಜಾವೂ ಎನ್ನುತ್ತಾರೆ. ಹೆಚ್ಚಾಗಿ ಮನೆಯ ಜೋಡಣೆಯೇ ಕಾರಣ. ಅಂಗಳ, ಜಗಲಿ, ಪಕ್ಕಕ್ಕೆ ಮೆತ್ತಿನ ಮೆಟ್ಟಿಲು ಹೀಗೇ ಇರುವ ಬೇರೆ ಮನೆಯನ್ನು ನೀವು ನೋಡಿರುತ್ತೀರಿ. ಮಿದುಳಿಗೆ ಪರಿಚಯ ಹತ್ತುತ್ತದೆ, ಆ ಹಳೆಯ ಮನೆ ಮಾತ್ರ ನೆನಪಾಗುವುದಿಲ್ಲ. ಮನೋವಿಜ್ಞಾನಿ ಆನ್ ಕ್ಲಿಯರಿ ತಂಡ 2012ರಲ್ಲಿ ವರ್ಚುವಲ್ ರಿಯಾಲಿಟಿ ದೃಶ್ಯಗಳಲ್ಲಿ ಇದನ್ನು ಪರೀಕ್ಷಿಸಿತ್ತು. ಎಲ್ಲ ದೇಜಾವೂಗೂ ಇದೇ ಕಾರಣ ಎನ್ನಲಾಗದು.

ಮತ್ತೆ ಹಾಗಾದರೆ ಮೊದಲು ಮನೆಯ ಸಾಮಾನು ಗಮನಿಸದೆ ಬಾಗಿಲು, ಮೆಟ್ಟಿಲು ಯಾವ ಕಡೆ ಇವೆ ನೋಡಿ. ಆಮೇಲೆ ನೆಂಟರ ಮನೆಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳಿ. ಆಗ ಮುಂದೇನಾಗುತ್ತದೆಂದು ಗೊತ್ತು ಅನ್ನಿಸಿದರೂ ನಂಬಬೇಡಿ, ಅದು ಬರೀ ಅನಿಸಿಕೆ.

ದೇಜಾವೂ ಪದೇ ಪದೇ ಬಂದು, ಜೊತೆಗೆ ಹೊಟ್ಟೆಯಿಂದ ಏನೋ ಮೇಲೇರಿದಂತಾದರೆ, ಇಲ್ಲದ ವಾಸನೆ ಬಂದರೆ ಅಥವಾ ಕ್ಷಣಕಾಲ ಎಚ್ಚರ ತಪ್ಪಿದರೆ ಅಪಸ್ಮಾರವಿರಬಹುದು. ನರರೋಗ ತಜ್ಞರಿಗೆ ತೋರಿಸಿ.