ತಲೆಗೆ ಕಟ್ಟುವ ಟಾರ್ಚ್ ಮತ್ತು ಸೆಲ್‌ನೊಳಗಿನ ಶಾಖ: ಒಂದು ಲೇಖನಕ್ಕೆ ಸಂಪಾದಕರ ಉತ್ತರ

"ರಾತ್ರಿ ಹೊಲಕ್ಕೆ ನೀರು ಹಾಯಿಸುವಾಗ ತಲೆಗೆ ಕಟ್ಟಿಕೊಳ್ಳುವ ಟಾರ್ಚ್ ಏಕೆ ಬಿಸಿಯಾಗುತ್ತದೆ ಎಂಬ ಬಗ್ಗೆ ಲೇಖನ ಕಳುಹಿಸಿದ್ದೇನೆ. ಬ್ಯಾಟರಿಯ ಆಂತರಿಕ ರೋಧವೇ ಇದಕ್ಕೆ ಕಾರಣ, ಕರೆಂಟ್ ಎರಡು ಪಟ್ಟಾದರೆ ಶಾಖವೂ ಎರಡು ಪಟ್ಟಾಗುತ್ತದೆ, ಕೊನೆಗೆ ಸೆಲ್ ಸಿಡಿಯುತ್ತದೆ ಎಂದು ಬರೆದಿದ್ದೇನೆ. ಪ್ರಕಟಿಸಬಹುದೇ? ಎಲ್ಲಿ ತಿದ್ದಬೇಕು?"

ಆತ್ಮೀಯರೇ,

ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ವಿಷಯ ಒಳ್ಳೆಯದು, ಆದರೆ ನೀವು ಒಂದು ಸಲವೂ ಅಳತೆ ಮಾಡಿಲ್ಲ ಎಂಬುದು ಪ್ರತಿ ಪ್ಯಾರಾದಲ್ಲೂ ಕಾಣುತ್ತದೆ.

ಮೊದಲು ಅಳೆಯಿರಿ. ಇಂಥ ಟಾರ್ಚ್‌ಗಳಲ್ಲಿ ಬಳಸುವ 18650 ಎಂಬ ಲಿಥಿಯಂ ಅಯಾನ್ ಸೆಲ್ ಒಂದನ್ನು, ಚಾರ್ಜ್ ಆದದ್ದನ್ನು, ತೆಗೆದುಕೊಳ್ಳಿ. ಏನನ್ನೂ ಜೋಡಿಸದಿದ್ದಾಗ ಮಲ್ಟಿಮೀಟರ್ 4.10 ವೋಲ್ಟ್ ತೋರಿಸುತ್ತದೆ ಎನ್ನೋಣ. 2 ಆಂಪಿಯರ್ ಎಳೆಯುವ ಹೊರೆಯನ್ನು ಜೋಡಿಸಿದಾಗ ಅದು 3.94ಕ್ಕೆ ಇಳಿಯುತ್ತದೆ. ಆ 0.16 ವೋಲ್ಟ್ ಸೆಲ್‌ನೊಳಗೇ ಕಳೆದುಹೋಯಿತು. ಅದನ್ನು 2ರಿಂದ ಭಾಗಿಸಿದರೆ ರೋಧ 0.08 ಓಮ್, 2ರಿಂದ ಗುಣಿಸಿದರೆ ಶಾಖ 0.32 ವ್ಯಾಟ್. ಮೀಟರಿನ ಕಡ್ಡಿಗಳನ್ನು ಸೆಲ್‌ನ ತುದಿಗಳಿಗೇ ಮುಟ್ಟಿಸಬೇಕು. ಹೋಲ್ಡರಿನ ಸ್ಪ್ರಿಂಗಿಗೆ ಮುಟ್ಟಿಸಿದರೆ ಸ್ಪ್ರಿಂಗಿನ ರೋಧವೂ ಲೆಕ್ಕಕ್ಕೆ ಬಂದು, ಸೆಲ್ ಮಾಡದ ತಪ್ಪನ್ನು ಅದರ ತಲೆಗೆ ಕಟ್ಟಿದಂತಾಗುತ್ತದೆ. ಓಮ್ ಅಳೆಯುವ ಗುರುತಿಗೆ ಮೀಟರ್ ತಿರುಗಿಸಿ ಸೆಲ್‌ಗೆ ಹಿಡಿಯುವ ಯೋಚನೆಯನ್ನಂತೂ ಬಿಡಿ. ಹೊರೆಯನ್ನು ಅರ್ಧ ನಿಮಿಷ ಹಾಗೆಯೇ ಬಿಟ್ಟರೆ ವೋಲ್ಟೇಜ್ ಇನ್ನೂ ಸ್ವಲ್ಪ ಜಾರುವುದನ್ನು ನೋಡುತ್ತೀರಿ. ಒಳಗಿನ ಅಯಾನುಗಳು ಬೇಡಿಕೆಯ ವೇಗಕ್ಕೆ ಓಡಲಾರದೆ ಹಿಂದುಳಿಯುತ್ತವೆ, ಆ ನಷ್ಟವೂ ಶಾಖವೇ.

ಈಗ ನಿಮ್ಮ ದೊಡ್ಡ ತಪ್ಪಿಗೆ ಬರುತ್ತೇನೆ. ಶಾಖ I²R, ಅಂದರೆ ಕರೆಂಟಿನ ವರ್ಗಕ್ಕೆ ಅನುಗುಣ. ಅದೇ ಸೆಲ್‌ನಿಂದ 4 ಆಂಪಿಯರ್ ಎಳೆದರೆ 0.64 ವ್ಯಾಟ್ ಅಲ್ಲ, 1.28 ವ್ಯಾಟ್. ಇದು ಎಷ್ಟು ಬಿಸಿ ಎಂದು ಓದುಗರಿಗೆ ತಿಳಿಯಬೇಕಾದರೆ ಡಿಗ್ರಿಯಲ್ಲಿ ಹೇಳಬೇಕು. ಸೆಲ್‌ನ ತೂಕ ಸುಮಾರು 45 ಗ್ರಾಂ, ಅದನ್ನು ಒಂದು ಡಿಗ್ರಿ ಬಿಸಿಮಾಡಲು ಹೆಚ್ಚುಕಡಿಮೆ 45 ಜೂಲ್ ಸಾಕು. ಶಾಖ ಹೊರಗೆ ಹೋಗದೇ ಉಳಿದರೆ, 2 ಆಂಪಿಯರ್‌ನಲ್ಲಿ ಒಂದು ಗಂಟೆಗೆ ಸುಮಾರು 26 ಡಿಗ್ರಿ ಏರುತ್ತದೆ. 4 ಆಂಪಿಯರ್‌ನಲ್ಲಿ ಅರ್ಧ ಗಂಟೆಗೇ 51 ಡಿಗ್ರಿ. ಸೆಲ್‌ನಿಂದ ತೆಗೆದ ಚಾರ್ಜ್ ಎರಡರಲ್ಲೂ ಒಂದೇ, ಹುಟ್ಟಿದ ಶಾಖ ಮಾತ್ರ ಇಮ್ಮಡಿ, ಅದು ಹೊರಹೋಗಲು ಸಿಕ್ಕ ಸಮಯ ಅರ್ಧ.

ಶಾಖ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೀವು ಒಂದು ವಾಕ್ಯದಲ್ಲಿ ಮುಗಿಸಿದ್ದೀರಿ. ನನ್ನ ಪ್ರಕಾರ ಲೇಖನದ ಜೀವ ಇರುವುದು ಅಲ್ಲೇ. ಮೇಜಿನ ಮೇಲೆ ಬಿಡಿಯಾಗಿಟ್ಟ ಸೆಲ್ 0.32 ವ್ಯಾಟ್‌ಗೆ ಏಳೆಂಟು ಡಿಗ್ರಿ ಏರಿ ನಿಲ್ಲುತ್ತದೆ, ಸುತ್ತಲಿನ ಗಾಳಿ ಬಿಸಿಯನ್ನು ಒಯ್ಯುತ್ತಿರುತ್ತದೆ. ನೀರು ನುಗ್ಗದಂತೆ ರಬ್ಬರ್ ಉಂಗುರ ಹಾಕಿ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯೊಳಗೆ ಆ ದಾರಿಯಿಲ್ಲ. ಶಾಖ ನಿಂತ ಗಾಳಿಯನ್ನು ದಾಟಬೇಕು, ಆಮೇಲೆ ಪ್ಲಾಸ್ಟಿಕ್ಕನ್ನು ದಾಟಬೇಕು. ಇನ್ನೂ ಒಂದು ಮಾತನ್ನು ನೀವು ಒಪ್ಪಿಕೊಳ್ಳಲೇಬೇಕು: ಟಾರ್ಚಿನ ಮೂತಿ ಸುಡುವುದಕ್ಕೆ ಮುಖ್ಯ ಕಾರಣ ಬ್ಯಾಟರಿಯಲ್ಲ, ಎಲ್‌ಇಡಿ. ಅದು ತಿನ್ನುವ ಸುಮಾರು 8 ವ್ಯಾಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಶಾಖವಾಗಿಯೇ ಹೋಗುತ್ತದೆ. ಸೆಲ್‌ನ ಪಾಲು ಚಿಕ್ಕದು. ಆದರೆ ಎಲ್‌ಇಡಿ ಆಗಲೇ ಕಾಯಿಸಿದ ಗಾಳಿಗೇ ಸೆಲ್ ತನ್ನ ಶಾಖವನ್ನು ಬಿಟ್ಟುಕೊಡಬೇಕು. ಬೇಸಿಗೆಯ ರಾತ್ರಿ ಹೊರಗೇ 32 ಡಿಗ್ರಿ ಇದ್ದರೆ, ಬಹುತೇಕ ಲಿಥಿಯಂ ಅಯಾನ್ ಸೆಲ್‌ಗಳ ವಿವರಪತ್ರದಲ್ಲಿರುವ 60 ಡಿಗ್ರಿ ಮಿತಿ ದೂರವಿಲ್ಲ.

"ಸಿಡಿಯುತ್ತದೆ" ಎಂಬ ಕೊನೆಯ ಪ್ಯಾರಾವನ್ನು ತೆಗೆದುಹಾಕಿ. ಪೆಟ್ಟಾಗದ, ಒಳಗೆ ಶಾರ್ಟ್ ಆಗದ ಸೆಲ್ ಈ ಮಟ್ಟದ ಬಿಸಿಗೆ ಸಿಡಿಯುವುದಿಲ್ಲ, ಸವೆಯುತ್ತದೆ. ಬಿಸಿಯಲ್ಲಿ ಒಳಗಿನ ದ್ರಾವಣ ಎಲೆಕ್ಟ್ರೋಡಿನ ಜೊತೆ ಬೇಗ ಬೇಗ ವರ್ತಿಸಿ, ಅದರ ಮೇಲೆ ಕುಳಿತ ಪೊರೆಯನ್ನು ದಪ್ಪವಾಗಿಸುತ್ತದೆ. ಪೊರೆ ದಪ್ಪವಾದಂತೆ ರೋಧ ಏರುತ್ತದೆ, ಮುಂದಿನ ರಾತ್ರಿ ಅದೇ ಬೆಳಕಿಗೆ ಶಾಖ ಇನ್ನಷ್ಟು. ಬೆಳಕನ್ನು ಒಂದೇ ಸಮ ಇಡುವ ಸರ್ಕ್ಯೂಟ್ ಇದ್ದರಂತೂ, ವೋಲ್ಟೇಜ್ ಕುಸಿದಷ್ಟೂ ಅದು ಹೆಚ್ಚು ಕರೆಂಟ್ ಎಳೆಯುತ್ತದೆ. ಚಾರ್ಜ್ ಮುಗಿಯುವ ಹೊತ್ತಿಗೆ ಸೆಲ್ ಒಮ್ಮೆಲೇ ಬಿಸಿಯಾಗುವುದು ಇದರಿಂದಲೂ ಹೌದು, ಆಗ ರೋಧವೇ ಏರುವುದರಿಂದಲೂ ಹೌದು.

ಮೂರು ವರ್ಷ ದುಡಿದ ಸೆಲ್ ನಿಮ್ಮ ಮನೆಯಲ್ಲಿ ಇದ್ದೇ ಇರುತ್ತದೆ. ಅದನ್ನೂ ಒಂದು ಹೊಸ ಸೆಲ್ಲನ್ನೂ 2 ಆಂಪಿಯರ್ ಹೊರೆಗೆ ಹಾಕಿ, ಎರಡರ ವೋಲ್ಟೇಜ್ ಇಳಿತವನ್ನು ಬರೆದುಕೊಳ್ಳಿ. ಲೇಖನವನ್ನು ಆ ಎರಡು ಅಂಕಿಗಳಿಂದ ಶುರುಮಾಡಿ ಕಳುಹಿಸಿ, ಮತ್ತೆ ಓದುತ್ತೇನೆ.