ಕೆಲಸ ಹುಡುಕೋಕೆ ಮುಂಚೆ ಒಂದು ಹಾಳೆ, ಐದು ಸಾಲು

ಪ್ರಶ್ನೆ: ದಾವಣಗೆರೆಯಲ್ಲಿ ಅಕೌಂಟೆಂಟ್ ಆಗಿದ್ದೀನಿ, 4 ವರ್ಷ ಅನುಭವ. ದಿನಾ ಹತ್ತು-ಹದಿನೈದು ಕೆಲಸದ ಜಾಹೀರಾತು ಮೊಬೈಲಿಗೆ ಬರ್ತಾವೆ. ಸಿಕ್ಕಿದ್ದಕ್ಕೆಲ್ಲಾ ಅರ್ಜಿ ಹಾಕಿ, ಇಂಟರ್‌ವ್ಯೂಗೆ ಅಲೆದು ಸಾಕಾಗಿದೆ. ಯಾವುದಕ್ಕೆ ಹಾಕಬೇಕು, ಯಾವುದನ್ನು ಬಿಡಬೇಕು ಅಂತ ಬೇಗ ತೀರ್ಮಾನ ಮಾಡೋದು ಹೇಗೆ?

ನಾನೂ ಲೆಕ್ಕಪತ್ರದ ಕೆಲಸದವನೇ, ಇರೋದು ದಾವಣಗೆರೆಯ ವಿನೋಬನಗರದಲ್ಲೇ. ಕೆಲಸ ಬದಲಿಸೋಕೆ ಹೊರಟಾಗ ಮೊದಲ ಮೂರು ತಿಂಗಳು ನೀವು ಮಾಡ್ತಿರೋದನ್ನೇ ಮಾಡಿದೆ. ಒಂದು ಸಲ ರಾತ್ರಿ ರೈಲಿಗೆ ಬೆಂಗಳೂರಿಗೆ ಹೋಗಿ, ಎರಡು ಸುತ್ತು ಇಂಟರ್‌ವ್ಯೂ ಮುಗಿಸಿ, ಸಂಜೆ ನಾಲ್ಕಕ್ಕೆ ಮೂರನೇ ಸುತ್ತಿಗೆ ಕೂತಾಗ ಅವರು ಹೇಳಿದ್ರು: "ಒರಿಜಿನಲ್ ಅಂಕಪಟ್ಟಿ ಎರಡು ವರ್ಷ ನಮ್ಮ ಹತ್ರ ಇರಬೇಕು." ಅದಕ್ಕೆ ನಾನು ಯಾವತ್ತೂ ಒಪ್ಪುವವನಲ್ಲ. ಫೋನಿನಲ್ಲಿ ಒಂದು ಮಾತು ಕೇಳಿದ್ದರೆ ಗೊತ್ತಾಗುತ್ತಿದ್ದ ವಿಷಯಕ್ಕೆ ಎರಡು ದಿನದ ರಜೆ ಹೋಯಿತು. ವಾಪಸ್ ಬಂದ ಭಾನುವಾರ ಕ್ಯಾಲೆಂಡರಿನ ಹಳೇ ಹಾಳೆಯ ಹಿಂಬದಿ ತಿರುಗಿಸಿ ಬರೆಯೋಕೆ ಕೂತೆ.

ಮೊದಲು ಬರೆದಿದ್ದು ಏನೂ ಕೆಲಸಕ್ಕೆ ಬರಲಿಲ್ಲ. "ಒಳ್ಳೆ ವಾತಾವರಣ, ಒಳ್ಳೆ ಸಂಬಳ, ಬೆಳೆಯೋಕೆ ಅವಕಾಶ." ಇದನ್ನು ಕೈಯಲ್ಲಿ ಹಿಡಿದು ಜಾಹೀರಾತು ಓದಿದರೆ ಒಂದನ್ನೂ ತಳ್ಳಿಹಾಕೋಕೆ ಆಗಲ್ಲ, ಯಾಕೆಂದರೆ ಎಲ್ಲಾ ಜಾಹೀರಾತಿನಲ್ಲೂ ಅದೇ ಮಾತು ಇರುತ್ತೆ. ಹಾಳೆಯ ಮೇಲಿನ ಪ್ರತಿ ಸಾಲಿಗೂ ಜಾಹೀರಾತಿನಲ್ಲೋ, ಎರಡು ನಿಮಿಷದ ಫೋನಿನಲ್ಲೋ "ಹೌದು" ಅಥವಾ "ಇಲ್ಲ" ಅನ್ನೋ ಉತ್ತರ ಸಿಗಬೇಕು. ಹಾಗೆ ಸಿಗದ ಸಾಲು ಸೋಸೋಕೆ ಬರಲ್ಲ, ಅದನ್ನು ಇಂಟರ್‌ವ್ಯೂಗೆ ಉಳಿಸಿಕೊಳ್ಳಿ.

ಆಮೇಲೆ ಯಾವುದು "ಏನೇ ಆದರೂ ಒಲ್ಲೆ", ಯಾವುದು "ಇದ್ದರೆ ಚೆನ್ನ" ಅಂತ ಬೇರೆ ಮಾಡಬೇಕು. ಇದಕ್ಕೆ ನನ್ನ ಹೆಂಡತಿ ಒಂದು ಸುಲಭದ ಪರೀಕ್ಷೆ ಇಟ್ಟಳು. ನಾನು "ಶನಿವಾರ ಪೂರ್ತಿ ರಜೆ ಇರಲೇಬೇಕು" ಅಂತ ಬರೆದಿದ್ದೆ. ಅವಳು ಹಾಳೆ ನೋಡಿ, "ರೀ, ತಿಂಗಳಿಗೆ ಐದು ಸಾವಿರ ಜಾಸ್ತಿ ಕೊಡ್ತೀವಿ, ಶನಿವಾರ ಬರ್ರಿ ಅಂದ್ರೆ ಹೋಗಲ್ವಾ?" ಅಂದಳು. ಹೋಗ್ತೀನಿ ಅಂದೆ. "ಹಂಗಾದ್ರೆ ಅದು ಒಲ್ಲೆ ಅನ್ನೋದಲ್ಲ, ಅದಕ್ಕೊಂದು ರೇಟ್ ಐತಿ." ಹಾಗೆ ಒಂದೊಂದು ಸಾಲಿಗೂ ಕೇಳುತ್ತಾ ಹೋದೆವು. ಎಷ್ಟು ದುಡ್ಡು ಕೊಟ್ಟರೂ ಬೇಡ ಅನ್ನಿಸಿದ್ದು ಮೂರೇ ಉಳಿದವು: ಒರಿಜಿನಲ್ ಸರ್ಟಿಫಿಕೇಟ್ ಕೇಳಬಾರದು, ಸೇರೋಕೆ ಮುಂಚೆ ಠೇವಣಿ ಅಂತ ದುಡ್ಡು ಕೇಳಬಾರದು, ಕೆಲಸ ದಾವಣಗೆರೆಯಲ್ಲೇ ಇರಬೇಕು. ನಾಲ್ಕನೆಯದಾಗಿ ಸಂಬಳದ ಕನಿಷ್ಠ ಗೆರೆ. ಐದನೆಯದು, ಪಿಎಫ್ ಇರಬೇಕು. ಉಳಿದಿದ್ದನ್ನೆಲ್ಲಾ ಗೆರೆ ಎಳೆದು ಕೆಳಗೆ ಹಾಕಿದೆ: ಶನಿವಾರ ಅರ್ಧ ದಿನ, ಆಡಿಟ್ ಕೆಲಸ ಕಲಿಯೋಕೆ ಸಿಗೋದು, ಇಂಥವು. ಈ ಕೆಳಗಿನವು ಯಾವ ಕೆಲಸವನ್ನೂ ಕೊಲ್ಲಬಾರದು. ಮೇಲಿನ ಐದನ್ನು ದಾಟಿ ಬಂದವುಗಳಲ್ಲಿ ಯಾವುದಕ್ಕೆ ಮೊದಲು ಫೋನ್ ಮಾಡಬೇಕು ಅಂತ ಹೇಳೋಕೆ ಮಾತ್ರ ಅವು.

ಸಂಬಳದ ಗೆರೆ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀನಿ, ಬಹಳ ಜನ ಎಡವೋದು ಅಲ್ಲೇ. "ಈಗಿನದಕ್ಕಿಂತ ಮೂವತ್ತು ಪರ್ಸೆಂಟ್ ಜಾಸ್ತಿ" ಅಂತ ಬರೀಬೇಡಿ. ಮನೆ ಖರ್ಚಿನಿಂದ ಮೇಲಕ್ಕೆ ಬನ್ನಿ. ನನ್ನದು ಹೀಗಿತ್ತು: ಬಾಡಿಗೆ 8,000, ದಿನಸಿ, ಹಾಲು, ಗ್ಯಾಸು, ಕರೆಂಟು ಸೇರಿ 9,000, ಸೊಸೈಟಿ ಸಾಲದ ಕಂತು 4,500, ಮಗಳ ಶಾಲೆಗೆ ತಿಂಗಳ ಲೆಕ್ಕದಲ್ಲಿ 3,000, ಅಪ್ಪನ ಔಷಧಿಗೆ 2,500. ಒಟ್ಟು 27,000. ಹೆಂಡತಿಯ ಟ್ಯೂಷನ್ ದುಡ್ಡನ್ನು ಇದಕ್ಕೆ ಸೇರಿಸಲಿಲ್ಲ, ಅದು ಉಳಿತಾಯಕ್ಕೆ. ಅಂದರೆ ಕೈಗೆ 27,000 ಬರದ ಕೆಲಸ ನನಗೆ ಬೇಡ.

ಈಗ ಜಾಹೀರಾತಿನಲ್ಲಿ "ವರ್ಷಕ್ಕೆ 4 ಲಕ್ಷ" ಅಂತ ಇರುತ್ತೆ. ಹನ್ನೆರಡರಿಂದ ಭಾಗಿಸಿದರೆ 33,333, ಗೆರೆ ಆರಾಮಾಗಿ ದಾಟಿತು ಅನ್ನಿಸುತ್ತೆ. ದಾಟಿರಲ್ಲ. ಅದರಲ್ಲಿ ಹತ್ತು ಪರ್ಸೆಂಟ್ ವರ್ಷದ ಕೊನೆಗೆ ಕೊಡುವ ಇನ್ಸೆಂಟಿವ್ ಅಂತ ಇಟ್ಟಿದ್ದರೆ ತಿಂಗಳಿಗೆ 3,333 ಹೋಯಿತು, ಉಳಿದಿದ್ದು 30,000. ಕಂಪನಿ ಕಟ್ಟುವ ಪಿಎಫ್ ಪಾಲನ್ನೂ ಈ 4 ಲಕ್ಷದೊಳಗೇ ಸೇರಿಸಿರುತ್ತಾರೆ. 15,000ದ ಮಿತಿಯ ಮೇಲೆ 12 ಪರ್ಸೆಂಟ್ ಹಿಡಿದರೂ ಅದು 1,800. ಗ್ರಾಚ್ಯುಟಿ ಅಂತ ಸುಮಾರು 700. ಇನ್ನು ನಿಮ್ಮ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200. ಕೈಗೆ ಬರೋದು 25,500ರ ಆಸುಪಾಸು. ನನ್ನ ಗೆರೆಗಿಂತ 1,500 ಕಮ್ಮಿ. ಅದಕ್ಕೇ ಹಾಳೆಯ ಮೇಲೆ ಎರಡು ಅಂಕಿ ಬರೆದುಕೊಂಡೆ: ಕೈಗೆ 27,000, ಜಾಹೀರಾತಿನಲ್ಲಿ ಕಾಣಬೇಕಾದದ್ದು ಸುಮಾರು 4.25 ಲಕ್ಷ. ಎರಡನೇ ಅಂಕಿ ಇದ್ದರೆ ಪ್ರತಿ ಸಲ ಲೆಕ್ಕ ಹಾಕೋ ಕೆಲಸ ಇಲ್ಲ. ನೀವು ಬೆಂಗಳೂರಿಗೂ ತಯಾರಿದ್ದರೆ ಅಲ್ಲಿಗೆ ಬೇರೆಯೇ ಗೆರೆ ಬರೆಯಿರಿ. ಮನೆಯವರು ಇಲ್ಲೇ ಇದ್ದು ನೀವೊಬ್ಬರೇ ಹೋದರೆ ಪಿಜಿ, ಓಡಾಟ, ತಿಂಗಳಿಗೆ ಎರಡು ಸಲ ಊರಿಗೆ ಬಂದು ಹೋಗೋದು ಎಲ್ಲಾ ಇಲ್ಲಿನ ಖರ್ಚಿನ ಮೇಲೆ ಕೂರುತ್ತೆ. ನನ್ನ ಲೆಕ್ಕದಲ್ಲಿ ಅದು 12,000 ಆಗ್ತಿತ್ತು. ಅಲ್ಲಿನ 35,000 ಇಲ್ಲಿನ 27,000ಕ್ಕಿಂತ ಚಿಕ್ಕದು ಅಂತ ಗೊತ್ತಾಗಿದ್ದು ಆವತ್ತು.

ಈ ಹಾಳೆಯನ್ನು ಜಾಹೀರಾತು ನೋಡೋಕೆ ಮುಂಚೆಯೇ ಬರೀಬೇಕು. ನೋಡಿದ ಮೇಲೆ ಬರೆದರೆ ಕಣ್ಣಿಗೆ ಬಿದ್ದ ದೊಡ್ಡ ಸಂಬಳಕ್ಕೆ ಹೊಂದೋ ಹಾಗೆ ನಿಯಮ ಬಾಗುತ್ತೆ. ನಾನು ಕೆಳಗೆ ತಾರೀಖು ಹಾಕಿದೆ. ತಿದ್ದೋದೇನಿದ್ದರೂ ಭಾನುವಾರ, ಹೆಂಡತಿ ಎದುರಿಗೆ. ಫೋನಿನಲ್ಲಿ ಎಚ್‌ಆರ್ ಮಾತಾಡ್ತಿರುವಾಗ ತಿದ್ದಬಾರದು.

ಸೋಸುವಾಗ ಪ್ರತಿ ಜಾಹೀರಾತಿಗೂ ಮೂರೇ ಗತಿ: ಬಿಟ್ಟೆ, ಹಾಕಿದೆ, ಕೇಳಬೇಕು. ಪಿಎಫ್ ಬಗ್ಗೆ ಏನೂ ಬರೆದಿಲ್ಲ ಅಂದರೆ ಪಿಎಫ್ ಇಲ್ಲ ಅಂತ ಅರ್ಥ ಅಲ್ಲ, ಅದು "ಕೇಳಬೇಕು" ಕಡೆಗೆ ಹೋಗಲಿ. ಇದು ಗೊತ್ತಿಲ್ಲದೆ ಮೊದಲ ವಾರ ಒಳ್ಳೆಯ ಕೆಲಸ ಎರಡನ್ನು ಸುಮ್ಮನೆ ಬಿಟ್ಟಿದ್ದೆ. ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ ಸೋಸೋದು, ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಫೋನ್ ಮಾಡೋದು. "ಸರ್, ಬರೋಕೆ ಮುಂಚೆ ಮೂರು ವಿಷಯ ಕೇಳಬಹುದಾ?" ಅಂತ ಶುರು ಮಾಡ್ತಿದ್ದೆ. ಯಾರೂ ಬೇಡ ಅಂದಿದ್ದಿಲ್ಲ. ಕೈಗೆ ತಿಂಗಳಿಗೆ ಎಷ್ಟು ಬರುತ್ತೆ, ಒರಿಜಿನಲ್ ಸರ್ಟಿಫಿಕೇಟ್ ಇಟ್ಟುಕೊಳ್ತೀರಾ, ಸಂಜೆ ಎಷ್ಟು ಹೊತ್ತಿಗೆ ಬಿಡ್ತೀರಿ. ಸಂಬಳ "ಬಂದ ಮೇಲೆ ಮಾತಾಡೋಣ" ಅಂದರೆ, ಊರೊಳಗಿನ ಆಫೀಸಾದರೆ ಹೋಗಿ ಬರ್ತಿದ್ದೆ. ಇಂಟರ್‌ವ್ಯೂ ಊರಾಚೆ ಇದ್ದರೆ "ಅಂದಾಜು ಹೇಳಿದರೆ ಟಿಕೆಟ್ ಮಾಡಿಸ್ತೀನಿ" ಅಂತಿದ್ದೆ. ಅರ್ಧದಷ್ಟು ಜನ ಅಲ್ಲೇ ಹೇಳಿಬಿಡ್ತಿದ್ರು.

ಇನ್ನು ಈ ಪದ್ಧತಿ ಕೈಕೊಡೋದು ಎಲ್ಲಿ ಅಂತ ಹೇಳಬೇಕು. ಯಾವ ನಿಯಮದಿಂದ ಜಾಹೀರಾತು ಬಿದ್ದುಹೋಯಿತೋ ಅದರ ಪಕ್ಕ ಒಂದು ಕಡ್ಡಿಗೀಟು ಹಾಕುತ್ತಾ ಬನ್ನಿ. ಎರಡು ವಾರಕ್ಕೆ ನಾನು ನೋಡಿದ್ದು 31. ಸಂಬಳಕ್ಕೆ 7 ಬಿದ್ದವು, ಸರ್ಟಿಫಿಕೇಟ್, ಪಿಎಫ್ ಸೇರಿ 3, ಫೋನ್ ದಾಟಿ ಉಳಿದಿದ್ದು 5. ಮಿಕ್ಕ 16ಕ್ಕೆ ಒಂದೇ ಕಾರಣ, "ದಾವಣಗೆರೆಯಲ್ಲೇ ಇರಬೇಕು". ಒಂದೇ ನಿಯಮ ಅರ್ಧಕ್ಕಿಂತ ಹೆಚ್ಚು ನುಂಗುತ್ತಿದ್ದರೆ ಅದನ್ನು ಸಡಿಲಿಸೋಕೆ ಹೋಗಬೇಡಿ, ಅದನ್ನು ಯಾಕೆ ಬರೆದೆ ಅಂತ ಕೇಳಿಕೊಳ್ಳಿ.

ನನ್ನ ಕಾರಣ ಅಪ್ಪ. ಅವರಿಗೆ ರಾತ್ರಿ ಊಟಕ್ಕೆ ಮುಂಚೆ ಇನ್ಸುಲಿನ್ ಹಾಕಬೇಕು. ಕಣ್ಣು ಮಂಜಾಗಿದೆ, ಸಿರಿಂಜಿನ ಮೇಲಿನ ಸಣ್ಣ ಗೀಟುಗಳು ಅವರಿಗೆ ಕಾಣಲ್ಲ. ದೀಪದ ಹತ್ತಿರ ಹಿಡಿದು ಹನ್ನೆರಡನೇ ಗೀಟಿಗೆ ಎಳೆದು, ಗುಳ್ಳೆ ಇಲ್ಲ ಅಂತ ನೋಡಿ ನಾನೇ ಹಾಕೋದು. ಆ ಹೊತ್ತಿಗೆ ಹೆಂಡತಿಗೆ ಟ್ಯೂಷನ್ ಮಕ್ಕಳಿರುತ್ತಾರೆ. ಅಂದರೆ ನನಗೆ ಬೇಕಾಗಿದ್ದದ್ದು ದಾವಣಗೆರೆ ಅಲ್ಲ, ರಾತ್ರಿ ಎಂಟಕ್ಕೆ ಮನೆಯಲ್ಲಿರೋದು. ಊರಿನ ಹೆಸರು ಹೊಡೆದುಹಾಕಿ "8ಕ್ಕೆ ಮನೆ" ಅಂತ ಬರೆದೆ.

ಆ 16ನ್ನು ಮತ್ತೆ ತೆಗೆದು ನೋಡಿದೆ. ಬೆಂಗಳೂರು, ಹುಬ್ಬಳ್ಳಿಯವು ಹಾಗೇ ಬಿದ್ದವು. ಚಿತ್ರದುರ್ಗದ ಒಂದು ಕೆಲಸದ ಮೇಲೆ ಬಹಳ ಆಸೆ ಇತ್ತು, ಸಂಬಳ ಚೆನ್ನಾಗಿತ್ತು. ಆದರೆ ಆಫೀಸು ಬಿಡೋದು ಏಳಕ್ಕೆ, ಅಲ್ಲಿಂದ ಅರವತ್ತು ಕಿಲೋಮೀಟರ್. ಬಸ್ಸು ತಕ್ಷಣ ಸಿಕ್ಕರೂ ಎಂಟೂವರೆ ದಾಟುತ್ತೆ. ಬಿಟ್ಟೆ. ರಾಣೆಬೆನ್ನೂರಿನದು ಒಂದು, ಹರಿಹರದವು ಎರಡು, ಮೂರೂ ಒಳಗೆ ಬಂದವು. ಹರಿಹರ ಹದಿನಾಲ್ಕು ಕಿಲೋಮೀಟರ್, ಬಸ್ಸಿಗೆ ಬರವಿಲ್ಲ. ನಾನೇ ಎಳೆದ ಗೆರೆಯ ಆಚೆ ಬಾಗಿಲಲ್ಲೇ ಕೂತಿತ್ತು.

ಅಲ್ಲಿಗೆ ಫೋನ್ ಮಾಡಿದಾಗ ಆರಕ್ಕೆ ಬಿಡ್ತೀವಿ ಅಂದರು. ನಮ್ಮ ಕಸುಬಿನವರು ಅಷ್ಟಕ್ಕೆ ನಿಲ್ಲಿಸಬಾರದು ನೋಡಿ, "ತಿಂಗಳ 11ಕ್ಕೆ GSTR-1, 20ಕ್ಕೆ GSTR-3B ರಿಟರ್ನ್ ಹಾಕೋ ಕೊನೆ ದಿನ, ಆಗ ಎಷ್ಟು ಹೊತ್ತು ಆಗುತ್ತೆ?" ಅಂತ ಕೇಳಿದೆ. ಆ ಕಡೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಎರಡು ದಿನ ಒಂಬತ್ತಾಗುತ್ತೆ ಸರ್" ಅಂದರು. ಆಗಲ್ಲ ಅಂತ ಅಲ್ಲೇ ಹೇಳಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಭಾನುವಾರ ಹಾಳೆ ಮುಂದಿಟ್ಟುಕೊಂಡು ಮಾತಾಡಿದೆವು. ತಿಂಗಳಿಗೆ ಎರಡು ದಿನ ಟ್ಯೂಷನ್ ಏಳೂವರೆಗೇ ಮುಗಿಸ್ತೀನಿ ಅಂದಳು ಹೆಂಡತಿ. ಆವತ್ತು ಸಂಜೆ ಸಿರಿಂಜು ಅವಳ ಕೈಗೆ ಕೊಟ್ಟೆ. ಮೊದಲ ಸಲ ಹದಿಮೂರಕ್ಕೆ ಎಳೆದಳು, ಹಾಕೋಕೆ ಮುಂಚೆ ತೋರಿಸಿದ್ದಕ್ಕೆ ಸರಿಮಾಡಿದೆ. ನಾಲ್ಕು ದಿನ ನನ್ನ ಎದುರಿಗೇ ಹಾಕಿದಳು, ಐದನೇ ದಿನ ಅಪ್ಪನೇ "ಇವಳ ಕೈ ನಿನಗಿಂತ ಹಗುರ" ಅಂದರು. ಸೋಮವಾರ ಹರಿಹರಕ್ಕೆ ಇಂಟರ್‌ವ್ಯೂಗೆ ಬರ್ತೀನಿ ಅಂತ ತಿಳಿಸಿದೆ.